ಸುಮಾಳ ಕಥೆಯಿಂದ ‘ನಾನು’ ತೆಗೆದೆ

ಹತ್ತನೇ ಕ್ಲಾಸಿನ ಹುಡುಗಿ ಸುಮಾ. ಅಪ್ಪ ತೀರಿಕೊಂಡು 18 ದಿನ. ಅಪ್ಪನ ಸ್ಕೂಟರಿನ ಬ್ಯಾಟರಿ ಇಳಿದುಹೋಗಬಾರದೆಂದು ದಿನಾ ಬೆಳಿಗ್ಗೆ ಕಿಕ್ ಹೊಡೆದು, ಐದು ನಿಮಿಷ ಇಂಜಿನ್ ಚಾಲೂ ಇಟ್ಟು ಆಫ್ ಮಾಡುತ್ತಾಳೆ. ಕಥೆ ಇಷ್ಟೇ.

ದುಃಖದ ಕಥೆ ಒಳಗಿನಿಂದಲೇ ಬರಬೇಕು, ‘ನಾನು’ ಎಂದೇ ಬರೆ ಅಂತ ನಮ್ಮ ಕಥಾಗೋಷ್ಠಿಯ ಗೆಳೆಯರೆಲ್ಲ ಹಟ ಹಿಡಿದಿದ್ದರು. ಹಾಗೇ ಮೂರು ಸಲ ಬರೆದೆ. ಎರಡು ಪತ್ರಿಕೆಗಳಿಂದ ವಾಪಸು ಬಂತು. ಡಿಟಿಪಿ, ಪ್ರಿಂಟು, ಕೊರಿಯರ್ ಎಲ್ಲ ಸೇರಿ 2,000 ರೂಪಾಯಿಯ ಹತ್ತಿರ ಕೈ ಬಿಟ್ಟಿತ್ತು.

ಗಟ್ಟಿಯಾಗಿ ಓದಿದಾಗ ತಪ್ಪು ಸಿಕ್ಕಿತು. ‘ಅಪ್ಪನಿಲ್ಲದ ಮನೆಯ ಮೌನ ನನ್ನನ್ನು ಆವರಿಸಿತ್ತು’ ಎಂದು ಹದಿನೈದರ ಹುಡುಗಿ ಹೇಳುವುದಿಲ್ಲ. ‘ನಾನು’ ಅಂದ ಕೂಡಲೇ ತನ್ನ ಸಂಕಟವನ್ನು ವಿವರಿಸುವ ಹೊಣೆಯೂ ಅವಳ ತಲೆಗೆ ಬಂದಿತ್ತು. ಅವಳಿಗೋ ಅದು ಸಂಕಟವೆಂದೇ ಇನ್ನೂ ಗೊತ್ತಿಲ್ಲ.

ನಡುವೆ ‘ನೀನು’ ಎಂದು ನಾಲ್ಕು ಪುಟ ಬರೆದು ನೋಡಿದೆ. ಯಾರೋ ಅವಳನ್ನು ಗದರಿಸುತ್ತಿದ್ದ ಹಾಗಿತ್ತು, ಬಿಟ್ಟೆ.

‘ಅವಳು’ ಕೂಡ ಮೊದಲ ಸಲವೇ ಕೂಡಿಬರಲಿಲ್ಲ. ‘ಸುಮಾಳ ಕಣ್ಣು ಕೆಂಪಾಗಿದ್ದವು’ ಎಂದು ಬರೆದಿದ್ದೆ. ಎದುರಿಗೆ ಕನ್ನಡಿಯಿಲ್ಲ, ನೋಡಿದ್ದು ಯಾರು? ‘ಅವಳ ತಂದೆ’ ಎಂದಿದ್ದಲ್ಲೆಲ್ಲ ಪೇಪರಿನ ಸುದ್ದಿಯಂತಿತ್ತು, ‘ಅಪ್ಪ’ ಮಾಡಿದೆ. ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯಕ್ಕೂ ‘ನಾನು’ ಹಚ್ಚಿ ನೋಡುತ್ತಾ ಹೋದೆ. ಅವಳ ಬಾಯಲ್ಲಿ ನಿಲ್ಲದ ವಾಕ್ಯ ನನ್ನದು. 11 ಪುಟಗಳಲ್ಲಿ ಅಂಥವು ಸುಮಾರು 40 ಸಿಕ್ಕವು.

ನಮ್ಮ ಭಾಷೆಯಲ್ಲೇ ಇದಕ್ಕೊಂದು ಅನುಕೂಲವಿದೆ. ಹಸಿವಾಯಿತು, ನೆನಪಾಯಿತು, ಸಾಕೆನಿಸಿತು ಎನ್ನುವಾಗ ನಾನೂ ಬೇಕಿಲ್ಲ, ಅವಳೂ ಬೇಕಿಲ್ಲ. ಕೊನೆಗೆ ಉಳಿದದ್ದು ಹೀಗೆ:

‘ಕಿಕ್ ಹೊಡೆದಳು. ಹತ್ತಲಿಲ್ಲ. ಚೋಕ್ ಎಳೆಯಬೇಕು, ಅಪ್ಪ ಹೇಳಿದ್ದ. ಮೂರನೇ ಸಲಕ್ಕೆ ಹತ್ತಿತು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು.’

ಅವಳನ್ನು ತೋರಿಸುವುದು ಮೊದಲ ಕ್ರಿಯಾಪದದ ಕೊನೆಯ ‘ಳು’ ಒಂದೇ. ‘ನಾನು’ ಇದ್ದ ಪ್ರತಿಯಲ್ಲಿ ಇದೇ ಜಾಗದಲ್ಲಿ ‘ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಯಿತು’ ಎಂದಿತ್ತು. ಈಗ ಸುಮಾಳಿಗೆ ಅದು ಹೊಳೆಯಬೇಕಾಗಿಯೇ ಇಲ್ಲ, ಓದುವವರಿಗೆ ಹೊಳೆದರೆ ಸಾಕು. ‘ತಾನು ಅವತ್ತು ಬೇಗ ಎದ್ದಿದ್ದರೆ?’ ಎಂದು ಒಂದು ಕಡೆ ‘ತಾನು’ ಇಟ್ಟೆ, ‘ಎಂದು ಯೋಚಿಸಿದಳು’ ಬೇಕಾಗಲಿಲ್ಲ. ಇದನ್ನು ಎರಡು ಸಲ ಮೀರಿ ಬಳಸಬೇಡಿ, ಹಳೆಗಾಲದ ವಾಸನೆ ಬರುತ್ತದೆ. ಇಡೀ ಕಥೆಯಲ್ಲಿ ‘ಸುಮಾ’ ಎಂಬ ಹೆಸರು ಒಂದೇ ಕಡೆ ಇದೆ. ಎಲ್ಲಿ, ಯಾಕೆ ಅನ್ನುವುದು ನನ್ನಲ್ಲೇ ಇರಲಿ.

ಹತ್ತು ವರ್ಷ ಕಳೆದ ಮೇಲೆ ಸುಮಾಳೇ ಹೇಳುವ ಕಥೆಯಾಗಿದ್ದರೆ, ಇಲ್ಲವೇ ಅವಳು ಏನನ್ನೋ ಬೇಕೆಂದೇ ಮುಚ್ಚಿಡುತ್ತಿದ್ದರೆ, ನಾನೂ ‘ನಾನು’ ಎಂದೇ ಬರೆಯುತ್ತಿದ್ದೆ.

ಒಂದು ವಿಶೇಷಾಂಕದಲ್ಲಿ ಕಥೆ ಬಂತು, 1,500 ಗೌರವಧನ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ಹಟ ಹಿಡಿದಿದ್ದ ಗೆಳೆಯ ಅಂದು ರಾತ್ರಿ ಫೋನ್ ಮಾಡಿ ಕೇಳಿದ್ದು ಒಂದೇ: ‘ಮಾರಾಯಾ, ಆ ನಲ್ಲಿ ನಿಲ್ಲಿಸಿದ್ದು ಅಮ್ಮ ತಾನೇ?’