ಬ್ರಿಡ್ಜ್‌ಗೆ ಲೆಕ್ಕದ ಕಾವಲು: ನಾನು ಕಟ್ಟಿದ ಬಗೆ

ಒಂದು ಬ್ಲಾಕ್‌ಚೈನ್‌ನಲ್ಲಿ ದುಡ್ಡಿಗೆ ಬೀಗ ಹಾಕಿ, ಇನ್ನೊಂದರಲ್ಲಿ ಅಷ್ಟೇ ಟೋಕನ್ ಹುಟ್ಟಿಸುವ, ಅಂದರೆ ಮಿಂಟ್ ಮಾಡುವ ಏರ್ಪಾಡಿಗೆ ಬ್ರಿಡ್ಜ್ ಅನ್ನುತ್ತಾರೆ. ಅಂಥದ್ದೇ ಆದ ರೋನಿನ್ ಬ್ರಿಡ್ಜ್‌ನಿಂದ 2022ರ ಮಾರ್ಚ್ 23ರಂದು 1,73,600 ಈಥರ್, ಜೊತೆಗೆ 2.55 ಕೋಟಿ ಯುಎಸ್‌ಡಿಸಿ ಹೋಯಿತು. ವಿಷಯ ಹೊರಬಂದ ದಿನದ ಬೆಲೆಗೆ 60 ಕೋಟಿ ಡಾಲರ್‌ಗೂ ಜಾಸ್ತಿ. ಗೊತ್ತಾಗಿದ್ದು ಮಾತ್ರ 29ಕ್ಕೆ. ಅದೂ ಯಾರೋ ಒಬ್ಬರು 5,000 ಈಥರ್ ತೆಗೆಯಲು ಹೋಗಿ, ಬರುತ್ತಿಲ್ಲ ಎಂದು ದೂರು ಕೊಟ್ಟಾಗ. ದುಡ್ಡು ಬಿಡಲು ಸಹಿ ಹಾಕುವ ಒಂಬತ್ತು ವ್ಯಾಲಿಡೇಟರ್ ಕೀಗಳಲ್ಲಿ ಐದು ಕಳ್ಳರ ಕೈ ಸೇರಿದ್ದು ಹೇಗೆ ಅಂತ ಎಲ್ಲರೂ ಬರೆದಿದ್ದಾರೆ. ನನ್ನ ತಲೆ ಕೊರೆದದ್ದು ಬೇರೆ ವಿಷಯ. ಆರು ದಿನ ಒಬ್ಬರೂ ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ನೋಡಿರಲಿಲ್ಲ, ಅಲ್ವಾ?

ಆಗಲೇ ನಾನು ಟೀಮ್‌ನಲ್ಲಿ ಹೇಳಿದ್ದು: ಸಹಿ, ಪುರಾವೆ ಎಲ್ಲ ಪಕ್ಕಕ್ಕಿಟ್ಟು, ಬರೀ ಲೆಕ್ಕ ನೋಡುವ ಒಂದು ಕಾವಲು ಬೇಕು. ಈ ಕಡೆ ಬೀಗ ಹಾಕಿದ್ದು ಎಷ್ಟು, ಆ ಕಡೆ ಮಿಂಟ್ ಆಗಿದ್ದು ಎಷ್ಟು. ಎರಡನೆಯದು ಮೊದಲನೆಯದಕ್ಕಿಂತ ಜಾಸ್ತಿ ಆಯಿತೋ, ಗಂಟೆ ಹೊಡೆಯಬೇಕು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಇದ್ದ ಹಾಗೆ. ಹೊರಗಿರುವ ಟೋಕನ್ ಒಳಗಿರುವ ಜೋಡಿಗಿಂತ ಜಾಸ್ತಿ ಇರಬಾರದು. ನಮ್ಮ ಲೀಡ್ ನಕ್ಕುಬಿಟ್ಟರು. "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ? ಚೈನ್ ಮೇಲೆ ಹೋದ ದುಡ್ಡು ವಾಪಸ್ ಬರಲ್ಲ ಮಾರಾಯ." ಆಡಿಟ್ ಮಾಡುವ ಗೆಳೆಯರೂ ಅದನ್ನೇ ಹೇಳಿದರು. 2022ರ ಆಗಸ್ಟ್‌ನಲ್ಲಿ ನೋಮ್ಯಾಡ್ ಎಂಬ ಇನ್ನೊಂದು ಬ್ರಿಡ್ಜ್‌ನಲ್ಲಿ ಕಳ್ಳತನ ಆದ ಮೇಲೂ ಅವರ ಮನಸ್ಸು ಬದಲಾಗಲಿಲ್ಲ. ನನ್ನದು ಮಾತ್ರ ಗಟ್ಟಿಯಾಯಿತು.

ನೋಮ್ಯಾಡ್ ವಿಷಯ ನಿಮಗೆ ಗೊತ್ತೇ ಇರುತ್ತದೆ. ಆದರೂ ಒಂದು ಜಾಗ ಹತ್ತಿರದಿಂದ ನೋಡಿ. ಸಂದೇಶ ಬಂದಾಗ `process()` ಒಂದೇ ಪ್ರಶ್ನೆ ಕೇಳುತ್ತದೆ: ಈ ಸಂದೇಶ ಯಾವ ರೂಟ್‌ನಡಿ, ಅಂದರೆ ಯಾವ ಸಂದೇಶ-ಕಂತೆಯ ಹ್ಯಾಶ್‌ನಡಿ, ಸಾಬೀತಾಗಿದೆ, ಆ ರೂಟ್ ಒಪ್ಪಿಗೆಯದಾ? ಸಾಬೀತೇ ಆಗದ ಸಂದೇಶಕ್ಕೆ ಸಾಲಿಡಿಟಿ ಮ್ಯಾಪಿಂಗ್ ಕೊಡುವುದು ಸೊನ್ನೆ. ಸೊನ್ನೆ ರೂಟ್ ಒಪ್ಪಿಗೆಯದಲ್ಲ ಅಂತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 2022ರ ಜೂನ್ ಅಪ್‌ಗ್ರೇಡ್‌ನಲ್ಲಿ ಕಾಂಟ್ರ್ಯಾಕ್ಟ್ ಶುರು ಮಾಡುವಾಗ ಮೊದಲ ರೂಟ್ ಆಗಿ ಸೊನ್ನೆಯನ್ನೇ ಕೊಟ್ಟಿದ್ದರು. `confirmAt[0] = 1` ಆಗಿ ಕೂತಿತು. ಅಲ್ಲಿಂದ ಮುಂದೆ ಯಾರು ಏನು ಬರೆದು ಕಳಿಸಿದರೂ "ಸಾಬೀತಾಗಿದೆ, ತಗೋ".

ನೀವೇ ನೋಡಬಹುದು. ಹಳೆಯ ಬ್ಲಾಕ್‌ಗಳ ಸ್ಥಿತಿಯೂ ಇರುವ ಆರ್ಕೈವ್ ನೋಡ್ ಬೇಕು, ಅಷ್ಟೇ. `$RPC` ಅದರ ವಿಳಾಸ, `$REPLICA` ಈ `process()` ಇರುವ ನೋಮ್ಯಾಡ್ ಕಾಂಟ್ರ್ಯಾಕ್ಟ್‌ನ ವಿಳಾಸ. ಒಂದು ಟರ್ಮಿನಲ್‌ನಲ್ಲಿ, ಕಳ್ಳತನಕ್ಕೆ ಮುಂಚಿನ ಚೈನ್‌ನ ನಕಲು, ಅಂದರೆ ಫೋರ್ಕ್, ಕಟ್ಟಿಕೊಡುವ ಆನ್ವಿಲ್ ಓಡಲಿ, ಇನ್ನೊಂದರಲ್ಲಿ ಕೇಳಿ:

```
anvil --fork-url $RPC --fork-block-number 15259100

cast call $REPLICA "acceptableRoot(bytes32)(bool)" \
0x0000000000000000000000000000000000000000000000000000000000000000
```

ಬರುವ ಉತ್ತರ `true`. ಮೊದಲ ಸಲ ಪರದೆ ಮೇಲೆ ಅದನ್ನು ನೋಡಿದಾಗ ಕೈ ಸ್ವಲ್ಪ ನಡುಗಿತು. ಈ ಒಂದು ಸಾಲು ಒಂದು ತಿಂಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣೆದುರೇ ಇತ್ತು.

ಮುಂದಿನ ಬ್ಲಾಕ್‌ನಲ್ಲೇ ಮೊದಲ 100 ಡಬ್ಲ್ಯುಬಿಟಿಸಿ ಹೋಯಿತು. ಮೂನ್‌ಬೀಮ್ ಚೈನ್ ಕಡೆಯಿಂದ ಹೊರಟಿದ್ದು 0.01. ಈಥೀರಿಯಂ ಕಡೆ ಬಿಡುಗಡೆ ಆಗಿದ್ದು 100. ನಮ್ಮ ಗಡಿಯಾರದಲ್ಲಿ ಆಗಸ್ಟ್ 2ರ ಬೆಳಗಿನ ಜಾವ. ಆಮೇಲೆ ನೂರಾರು ವಿಳಾಸಗಳು ಅದೇ ಕಾಲ್‌ಡೇಟಾ ನಕಲು ಮಾಡಿ, ತಮ್ಮ ವಿಳಾಸ ಅಂಟಿಸಿ, ಕೆಲವು ಗಂಟೆಗಳಲ್ಲಿ ಸುಮಾರು 19 ಕೋಟಿ ಡಾಲರ್ ಬಳಿದುಕೊಂಡವು. ಹಿಂತಿರುಗಿಸಿದವರೂ ಇದ್ದಾರೆ, ಆ ಮಾತು ಬೇರೆ. ನನ್ನ ವಾದ ಇಷ್ಟೇ. ಇಲ್ಲಿ ಸಹಿ ಕದ್ದಿಲ್ಲ. ರೋನಿನ್‌ನಲ್ಲಿ ಕೀ ಕದ್ದರು. ವರ್ಮ್‌ಹೋಲ್ ಬ್ರಿಡ್ಜ್‌ನಲ್ಲಿ ಸೊಲಾನಾ ಚೈನ್ ಕಡೆ ನಕಲಿ ಖಾತೆ ತೋರಿಸಿ ಸಹಿ ಪರೀಕ್ಷೆ ಆಗಿದೆ ಅಂತ ನಂಬಿಸಿದರು, 1,20,000 ಈಥರ್ ಗಾಳಿಯಲ್ಲಿ ಹುಟ್ಟಿತು. ಬಾಗಿಲು ಒಂದೊಂದು ಕಡೆ ಒಂದೊಂದು. ಆದರೆ ಮೂರರಲ್ಲೂ ಒಳಗಿದ್ದದ್ದು ಒಂದೇ ದೊಡ್ಡ ಪೆಟ್ಟಿಗೆ, ಒಡೆದಿದ್ದು ಒಂದೇ ಲೆಕ್ಕ. ಆ ಕಡೆಯ ಚೈನ್ ಈ ಕಡೆ ಏನಾಯಿತು ಅಂತ ಕಣ್ಣಾರೆ ನೋಡಲಾರದು, ಹೇಳಿದ್ದನ್ನು ನಂಬುತ್ತದೆ. ಹಾಗಾಗಿ ಸುಳ್ಳು ಹೇಳುವ ದಾರಿ ಹುಡುಕಿದವನಿಗೆ ಎಲ್ಲರ ದುಡ್ಡೂ ಒಟ್ಟಿಗೆ ಸಿಗುತ್ತದೆ.

ಕಟ್ಟಲು ಕೂತಾಗ ಮೊದಲ ಆವೃತ್ತಿ ಒಂದು ವಾರದಲ್ಲೇ ಮಣ್ಣುಪಾಲಾಯಿತು. ಅದು ಬ್ರಿಡ್ಜ್ ಹೊರಡಿಸುವ ಡೆಪಾಸಿಟ್ ಇವೆಂಟ್ ಓದುತ್ತಿತ್ತು. ಹಳೆಯ ಕಳ್ಳತನಗಳನ್ನು ಒಂದೊಂದಾಗಿ ಅದರ ಮುಂದೆ ಓಡಿಸಿದೆ. ಕ್ಯೂಬಿಟ್ ಬ್ರಿಡ್ಜ್‌ನ ಸರದಿ ಬಂದಾಗ ಕಾವಲು ತೆಪ್ಪಗೆ ಕೂತಿತ್ತು. 2022ರ ಜನವರಿಯಲ್ಲಿ ಅಲ್ಲಿ ನಡೆದದ್ದು ಇದು: ಟೋಕನ್ ವಿಳಾಸದ ಜಾಗದಲ್ಲಿ ಸೊನ್ನೆ ವಿಳಾಸ ಬಂತು. ಆ ವಿಳಾಸದಲ್ಲಿ ಕೋಡೇ ಇಲ್ಲ, ಹಾಗಾಗಿ ಟ್ರಾನ್ಸ್‌ಫರ್ ಕರೆ ಸೋಲಲೂ ಇಲ್ಲ. ಒಂದು ಪೈಸೆ ಒಳಗೆ ಬರದೆ ಡೆಪಾಸಿಟ್ ಇವೆಂಟ್ ಮಾತ್ರ ಹೊರಟಿತು. ಅದನ್ನು ನಂಬಿ ಆ ಕಡೆ ಮಿಂಟ್ ಆಯಿತು, ಸುಮಾರು 8 ಕೋಟಿ ಡಾಲರ್ ಹೋಯಿತು. ಬ್ರಿಡ್ಜ್ ಮಾತನ್ನೇ ನಂಬುವ ಕಾವಲು ಬ್ರಿಡ್ಜ್ ಜೊತೆಗೇ ಮೋಸ ಹೋಗುತ್ತದೆ. ಅವತ್ತಿನಿಂದ ನಾನು ಓದುವುದು ಎರಡೇ: ಟೋಕನ್ ಕಾಂಟ್ರ್ಯಾಕ್ಟ್‌ನ `balanceOf`, ಮತ್ತು ಅದರದ್ದೇ `Transfer` ಲಾಗ್.

ಎರಡನೇ ಆವೃತ್ತಿಯ ರೋಗ ಉಲ್ಟಾ. ಹಗಲು ರಾತ್ರಿ ಬರೀ ಗಂಟೆ. ಕಾರಣ ಸರಳ, ಹಿಡಿಯಲು ಮಾತ್ರ ಬಹಳ ದಿನ ಬೇಕಾಯಿತು. ಎರಡು ಚೈನ್‌ಗಳನ್ನು ಒಂದೇ ಕ್ಷಣದಲ್ಲಿ ಓದಲು ಆಗುವುದಿಲ್ಲ. ಬೀಗದ ಕಡೆ ಮೊದಲು ಓದಿ ಆಮೇಲೆ ಮಿಂಟ್ ಕಡೆ ಓದಿದರೆ, ನಡುವೆ ಬಂದ ಹೊಸ ಡೆಪಾಸಿಟ್ ಸುಳ್ಳು ಕೊರತೆ ತೋರಿಸುತ್ತದೆ. ಉಲ್ಟಾ ಓದಿದರೆ ನಡುವೆ ಆದ ವಿಥ್‌ಡ್ರಾ ಅದೇ ಕೆಲಸ ಮಾಡುತ್ತದೆ. ಹೇಗೆ ಓದಿದರೂ ಪಾರಾಗುವ ದಾರಿಯಿಲ್ಲ. ಇದರ ಮೇಲೆ ವರ್ಗಾಯಿಸುವಾಗಲೇ ಶುಲ್ಕ ಮುರಿದುಕೊಳ್ಳುವ ಟೋಕನ್‌ಗಳು ಬೇರೆ. 100 ಕಳಿಸಿದರೆ 98 ಬಂದು ಕೂರುತ್ತದೆ. ಅವನ್ನು ಪಟ್ಟಿಯಿಂದಲೇ ತೆಗೆದೆ.

ದುಡ್ಡಿನ ಕತೆಯೂ ಇಲ್ಲೇ. ಪ್ರತಿ ಬ್ಲಾಕ್‌ಗೂ ಎಲ್ಲ ಟೋಕನ್ ಬಾಕಿ ಕೇಳುತ್ತಿದ್ದೆ. ನೋಡ್ ಸೇವೆಯ ಬಿಲ್ ತಿಂಗಳಿಗೆ 40 ಸಾವಿರ ರೂಪಾಯಿ ಹತ್ತಿರ ಬಂತು, ಅದೂ ನನ್ನ ಸ್ವಂತ ಕಾರ್ಡ್ ಮೇಲೆ. ಮನೆಯಲ್ಲಿ ಕೇಳಿದವರಿಗೆ "ಕೋರ್ಸ್ ಫೀಸು" ಅಂದಿದ್ದೆ. ಆಮೇಲೆ ದಾರಿ ಬದಲಿಸಿದೆ. ಬ್ರಿಡ್ಜ್ ವಿಳಾಸದಿಂದ ಹೊರಹೋಗುವ `Transfer` ಲಾಗ್‌ಗೆ ಮಾತ್ರ ಸಬ್‌ಸ್ಕ್ರೈಬ್, ಒಟ್ಟು ಬಾಕಿ ಕೆಲವು ನಿಮಿಷಕ್ಕೊಮ್ಮೆ. ಬಿಲ್ ಏಳೆಂಟು ಸಾವಿರಕ್ಕೆ ಇಳಿಯಿತು.

ಮೂರನೇ ಆವೃತ್ತಿಯೇ ಈಗ ಓಡುತ್ತಿರುವುದು. ಒಟ್ಟು ಲೆಕ್ಕದಲ್ಲಿ ಕೊರತೆ ಕಂಡರೆ ತಕ್ಷಣ ಗಂಟೆ ಇಲ್ಲ. ಆಗ ಹೊರಹೋದ ಮೊತ್ತವನ್ನು ಹಿಡಿದು, ಆ ಕಡೆ ಅದೇ ಸಂದೇಶಕ್ಕೆ ಅದೇ ಮೊತ್ತದ ಬರ್ನ್, ಅಂದರೆ ಟೋಕನ್ ನಾಶ, ಆಗಿದೆಯಾ, ಆ ಕಡೆಯ ಮಿಂಟ್‌ಗೆ ಈ ಕಡೆ ಅದೇ ಮೊತ್ತ ಒಳಬಂದಿದೆಯಾ ಅಂತ ಹುಡುಕುತ್ತದೆ. ಸಿಕ್ಕರೆ ಸುಮ್ಮನಾಗುತ್ತದೆ. ಸಿಗದಿದ್ದರೆ ಮಾತ್ರ ಕೂಗು. ಆ ಕಡೆಯ ಚೈನ್ ತನ್ನ ಬ್ಲಾಕ್‌ಗಳನ್ನು ಹಿಂದಕ್ಕೆ ತೆಗೆದುಕೊಂಡಾಗ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕಳ್ಳನೂ ಅಷ್ಟೇ ಹೊತ್ತು ಕಾಯುತ್ತಾನೆ. ಎರಡು ಬೇರೆ ಕಂಪನಿಗಳ ನೋಡ್‌ನಿಂದ ಓದಿ ಎಂಬುದನ್ನಂತೂ ಹೇಳಿಬಿಡುತ್ತೇನೆ.

ಈ ನಡುವೆ ಒಂದು ಅಡ್ಡದಾರಿ ಹಿಡಿದೆ. 2021ರ ಆಗಸ್ಟ್‌ನಲ್ಲಿ ಪಾಲಿ ನೆಟ್‌ವರ್ಕ್ ಬ್ರಿಡ್ಜ್‌ನಿಂದ ಸುಮಾರು 61 ಕೋಟಿ ಡಾಲರ್ ಹೋಗಿ, ಬಹುಪಾಲು ವಾಪಸ್ ಬಂತಲ್ಲ, ಅಲ್ಲಿನ ಕೈಚಳಕ ನನಗೆ ಬಹಳ ಇಷ್ಟ. ಫಂಕ್ಷನ್ ಹೆಸರನ್ನು ಸಂದೇಶ ಕಳಿಸುವವನೇ ಕೊಡಬಹುದಿತ್ತು, ಯಾವ ಫಂಕ್ಷನ್ ಓಡಬೇಕು ಎಂಬುದನ್ನು ತೀರ್ಮಾನಿಸುವುದು ಮಾತ್ರ ಆ ಹೆಸರಿನ ಹ್ಯಾಶ್‌ನ ಮೊದಲ ನಾಲ್ಕು ಬೈಟ್. ಕಳ್ಳ ಅರ್ಥವಿಲ್ಲದ ಒಂದು ಹೆಸರು ಹುಡುಕಿದ. ಅದರ ನಾಲ್ಕು ಬೈಟ್, ಕಾವಲುಗಾರರ ಕೀ ಬದಲಿಸುವ ಫಂಕ್ಷನ್‌ಗೆ ಸರಿಯಾಗಿ ಹೊಂದಿತು.

```
cast sig "putCurEpochConPubKeyBytes(bytes)"
cast sig "f1121318093(bytes,bytes,uint64)"
```

ಎರಡಕ್ಕೂ `0x41973cd9`. ಅಂಥ ಇನ್ನೊಂದು ಹೆಸರು ನನಗೂ ಸಿಗುತ್ತದಾ ಅಂತ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಸರಾಸರಿ 430 ಕೋಟಿ ಪ್ರಯತ್ನ ಬೇಕು. ಕೇಳಲು ದೊಡ್ಡದು, ಆದರೆ ಊಟ ಮುಗಿಸಿ ಬರುವಷ್ಟರಲ್ಲಿ ಸಿಕ್ಕಿತ್ತು. ಕಾವಲಿಗೆ ಇದರಿಂದ ಒಂದು ಉಪಯೋಗ ಆಯಿತು: ಕೀ ಅಥವಾ ಮಾಲೀಕ ಬದಲಾದರೆ ದುಡ್ಡು ಹೊರಡುವ ಮೊದಲೇ ಗಂಟೆ. ಅದಕ್ಕೆ ಹತ್ತು ಸಾಲು ಕೋಡ್ ಸಾಕು.

ಈಗ ಲೀಡ್ ಎತ್ತಿದ ಪ್ರಶ್ನೆ: ದುಡ್ಡು ಹೋದ ಮೇಲೆ ಗಂಟೆ ಹೊಡೆದು ಏನು ಉಪಯೋಗ? ಅದರಲ್ಲಿ ಅರ್ಧ ಸತ್ಯ ಇತ್ತು. ರೋನಿನ್‌ನಲ್ಲಿ ಎಲ್ಲವೂ ಎರಡೇ ವಹಿವಾಟಿನಲ್ಲಿ ಹೋಯಿತು. ಬರೀ ಗಂಟೆ ಇದ್ದಿದ್ದರೆ ಆರು ದಿನದ ಬದಲು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತಿತ್ತು, ದುಡ್ಡು ಉಳಿಯುತ್ತಿರಲಿಲ್ಲ. ಹಾಗಾಗಿ ಗಂಟೆಯ ಜೊತೆ ಇನ್ನೆರಡು ಬೇಕು. ಒಂದು ಮಿತಿ ಮೀರಿದ ವಿಥ್‌ಡ್ರಾ ತಕ್ಷಣ ಹೋಗದೆ ಸರದಿಯಲ್ಲಿ ಕಾಯಬೇಕು. ಮತ್ತು ಕಾವಲಿನ ಕೈಯಲ್ಲೇ ಬ್ರಿಡ್ಜ್ ನಿಲ್ಲಿಸುವ ಕೀ ಇರಬೇಕು. ನಿಲ್ಲಿಸಲು ಮಾತ್ರ. ಮತ್ತೆ ಶುರು ಮಾಡಲು ಮನುಷ್ಯರ ಸಹಿಯೇ ಬೇಕು. ಆ ಕೀ ಕದ್ದವನು ಬ್ರಿಡ್ಜ್ ನಿಲ್ಲಿಸಿ ತೊಂದರೆ ಕೊಡಬಹುದು, ದುಡ್ಡು ಮುಟ್ಟಲಾರ. ನೋಮ್ಯಾಡ್ ಫೋರ್ಕ್ ಮೇಲೆ ಹೀಗೆ ಓಡಿಸಿದಾಗ ಮೊದಲ 100 ಡಬ್ಲ್ಯುಬಿಟಿಸಿಯೇ ಸರದಿಯಲ್ಲಿ ಸಿಕ್ಕಿಬಿತ್ತು.

ಫೋರ್ಕ್ ಮೇಲೆ ಯಾರು ಬೇಕಾದರೂ ಗೆಲ್ಲುತ್ತಾರೆ ಅಂದರು ಲೀಡ್. ಸರಿ, ಒಂದು ಸಣ್ಣ ಬ್ರಿಡ್ಜ್ ತಂಡ (ಹೆಸರು ಬೇಡ) ಒಪ್ಪಿ ತಮ್ಮಲ್ಲಿ ಹಾಕಿಸಿಕೊಂಡಿತು. ಒಂದು ಸಂಜೆ ಅವರು ಹೊಸ ಟೋಕನ್ ಸೇರಿಸಿದರು. ಈ ಕಡೆ 18 ದಶಮಾಂಶ, ಆ ಕಡೆ 6. ನಡುವೆ ಭಾಗಿಸುವ ಸಾಲು ಬಿಟ್ಟುಹೋಗಿತ್ತು. ಪರೀಕ್ಷೆಗೆ 2 ಡಾಲರ್ ಕಳಿಸಿ, ವಹಿವಾಟು ಹಸಿರು ಬಂತು ಅಂತ ಎದ್ದು ಹೋದರು. ಆ ಕಡೆ ಮಿಂಟ್ ಆಗಿದ್ದು 2 ಲಕ್ಷ ಕೋಟಿ. ಕೆಲವೇ ನಿಮಿಷಗಳಲ್ಲಿ ಕಾವಲು ಬ್ರಿಡ್ಜ್ ನಿಲ್ಲಿಸಿತ್ತು, ನನ್ನ ಫೋನ್ ಕೂಗುತ್ತಿತ್ತು. ಒಂದು ರೂಪಾಯಿಯೂ ಆಚೆ ಹೋಗಲಿಲ್ಲ. ಲಾಗ್‌ನ ಸ್ಕ್ರೀನ್‌ಶಾಟ್ ಲೀಡ್‌ಗೆ ಕಳಿಸಿದೆ. "ಅದರ ಬಿಲ್ ಇನ್ನು ಮುಂದೆ ಆಫೀಸಿಗೆ ಹಾಕು" ಅಂತ ಉತ್ತರ ಬಂತು.

ಇದು ಹಿಡಿಯದ ಜಾಗವೂ ಇದೆ. ಬೀಗ-ಮಿಂಟ್ ಬ್ರಿಡ್ಜ್‌ಗೆ ಮಾತ್ರ ಈ ಲೆಕ್ಕ ನೇರ. ಎರಡೂ ಕಡೆ ದುಡ್ಡಿನ ಕೊಳ ಇಟ್ಟು ನಡೆಸುವವುಗಳಲ್ಲಿ ಒಟ್ಟು ಮೊತ್ತ ಎರಡೂ ಕಡೆ ಏರಿಳಿಯುತ್ತದೆ, ಅಲ್ಲಿ ಸಂದೇಶದ ಹೊಂದಾಣಿಕೆ ಒಂದೇ ಗತಿ. ಬ್ರಿಡ್ಜ್ ನಡೆಸುವವರ ಕೈಯಲ್ಲೇ ಎಲ್ಲ ಕೀ ಇದ್ದು ಅವೇ ಹೋದರೆ, ನಿಲ್ಲಿಸಿದ್ದನ್ನು ಕಳ್ಳನೇ ಮತ್ತೆ ಶುರು ಮಾಡುತ್ತಾನೆ. ಹಾಗಾಗಿ ಈಗ ಯಾರಾದರೂ ಹಾಕಿಕೊಡಿ ಅಂದರೆ ನಾನು ಮೊದಲು ಕೇಳುವುದು ಮಿಂಟ್ ಕೋಡ್ ಅಲ್ಲ. ಮತ್ತೆ ಶುರು ಮಾಡುವ ಕೀಗಳು ಎಷ್ಟು ಜನರ ಬಳಿ, ಎಷ್ಟು ಬೇರೆ ಯಂತ್ರಗಳಲ್ಲಿ ಇವೆ ಅಂತ. ಉತ್ತರ "ನಮ್ಮ ಒಂದೇ ಸರ್ವರ್‌ನಲ್ಲಿ" ಅಂತ ಬಂದರೆ ಮುಂಗಡ ತೆಗೆದುಕೊಳ್ಳುವುದಿಲ್ಲ.