410 ಎಂಬಿಯ ಮಹಾಪ್ರಬಂಧ, 10 ಎಂಬಿಯ ಮಿತಿ: ನನ್ನ ಅನುಭವ

ಉಡುಪಿಯಲ್ಲಿ ಡಿಟಿಪಿ ಮತ್ತು ಸ್ಕ್ಯಾನಿಂಗ್ ಕೆಲಸ ಮಾಡಿಕೊಂಡಿರುವ ನಮ್ಮಂಥವರಿಗೆ ‘ಫೈಲ್ ದೊಡ್ಡದಾಯಿತು, ಅಪ್‌ಲೋಡ್ ಆಗುವುದಿಲ್ಲ’ ಎಂಬ ದೂರು ಹೊಸದಲ್ಲ. ಹೆಚ್ಚಿನವು ಐದು ನಿಮಿಷದ ಕೆಲಸಗಳು. ಆದರೆ ಕಳೆದ ಮಳೆಗಾಲದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ತಂದ ಫೈಲಿಗೆ ಎರಡು ಅಂಗಡಿಯವರು ಕೈಮುಗಿದಿದ್ದರು. ನಾನು ಅದನ್ನು ಮಾಡಿ ಮುಗಿಸಿದ ಮೇಲೂ ‘ನೀವು ಚಿತ್ರಗಳನ್ನು ಹಾಳು ಮಾಡಿರಬೇಕು’ ಎಂದವರಿದ್ದಾರೆ. ಅಂಥವರಿಗೆ ಉತ್ತರವಾಗಿಯೂ, ಇದೇ ಕಸುಬಿನಲ್ಲಿರುವವರಿಗೆ ಉಪಯೋಗವಾಗಲೆಂದೂ ಇದನ್ನು ಬರೆಯುತ್ತಿದ್ದೇನೆ.

ಅದು ತುಳುನಾಡಿನ ಗುತ್ತಿನ ಮನೆಗಳ ಮರದ ಕೆತ್ತನೆಯ ಕುರಿತ, ತೊಂಬತ್ತರ ದಶಕದ ಮಹಾಪ್ರಬಂಧ. ಮೂಲದ ಸಾಫ್ಟ್ ಕಾಪಿ ಯಾರಲ್ಲಿಯೂ ಇರಲಿಲ್ಲ. ಬೈಂಡ್ ಮಾಡಿದ ಒಂದೇ ಪ್ರತಿಯನ್ನು ಬೇರೆಡೆ 300 ಡಿಪಿಐಯಲ್ಲಿ ಪೂರ್ತಿ ಕಲರ್ ಆಗಿ ಸ್ಕ್ಯಾನ್ ಮಾಡಿಸಲಾಗಿತ್ತು. ಸುಮಾರು 380 ಪುಟ, 410 ಎಂಬಿ. ಅಂದರೆ ಪುಟಕ್ಕೆ ಒಂದು ಎಂಬಿಗಿಂತ ತುಸು ಹೆಚ್ಚು. ಸಲ್ಲಿಸಬೇಕಾಗಿದ್ದ ಕಡೆಯವರು ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್ ಕೇಳಿದ್ದರು, ಪ್ರತಿಯೊಂದೂ 10 ಎಂಬಿಯೊಳಗೆ ಇರಬೇಕಿತ್ತು. ಎಲ್ಲಕ್ಕಿಂತ ಕಷ್ಟದ್ದು ನಾಲ್ಕನೇ ಅಧ್ಯಾಯ: ಐವತ್ತು ಪುಟ ಬರಹ, ನಡುನಡುವೆ ಪೋಸ್ಟ್‌ಕಾರ್ಡ್ ಗಾತ್ರದ ಕಲರ್ ಫೋಟೋ ಅಂಟಿಸಿದ ನಲವತ್ತು ಹಾಳೆಗಳು, ಪ್ರತಿ ಫೋಟೋದ ಕೆಳಗೆ ಟೈಪ್ ಮಾಡಿದ ವಿವರಣೆ.

ಅಧ್ಯಾಪಕರು ಅದಕ್ಕೆ ಮೊದಲೇ ಆನ್‌ಲೈನ್ ಕಂಪ್ರೆಸ್ ಸೇವೆಯೊಂದಕ್ಕೆ ಒಂದು ತಿಂಗಳ ಚಂದಾ ಕಟ್ಟಿದ್ದರು, ಸುಮಾರು ಏಳುನೂರು ರೂಪಾಯಿ. ಅಧ್ಯಾಯಗಳನ್ನು ಬೇರ್ಪಡಿಸಲು ಇನ್ನೊಂದೆಡೆ ಮುನ್ನೂರು ಕೊಟ್ಟಿದ್ದರು. ಬೇರ್ಪಡಿಸಿದ ಫೈಲುಗಳನ್ನು ತೆರೆದರೆ ಪುಟಗಳೇನೋ ಸರಿಯಾಗಿಯೇ ಇದ್ದವು, ಆದರೆ ಒಂದೊಂದು ಅಧ್ಯಾಯವೂ 410 ಎಂಬಿಯೇ ಇತ್ತು! ಹದಿನಾಲ್ಕು ಪುಟದ ಪೀಠಿಕಾಭಾಗವೂ ಅಷ್ಟೇ ಭಾರ. ತುಂಡುಗಳ ಒಟ್ಟು ತೂಕ ಮೂಲವನ್ನು ಮೀರಿದರೆ ಕಾರಣ ಬಹುಮಟ್ಟಿಗೆ ಒಂದೇ. ಕೆಲವು ಸ್ಕ್ಯಾನಿಂಗ್ ಸಾಫ್ಟ್‌ವೇರ್‌ಗಳು ಎಲ್ಲ ಪುಟಗಳ ಚಿತ್ರಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ಪ್ರತಿ ಪುಟಕ್ಕೂ ಆ ಇಡೀ ಪಟ್ಟಿಯನ್ನೇ ತಗುಲಿಸಿರುತ್ತವೆ. ಸಾಮಾನ್ಯ ಸ್ಪ್ಲಿಟ್ ಸಾಧನ ಒಂದು ಪುಟವನ್ನು ಎತ್ತಿದರೆ ಪಟ್ಟಿಯಲ್ಲಿರುವ ಅಷ್ಟೂ ಚಿತ್ರಗಳು ಅದರ ಬೆನ್ನಿಗೆ ಬರುತ್ತವೆ. ಪುಟದಲ್ಲಿ ಬಳಕೆಯಾಗದ ಚಿತ್ರಗಳನ್ನು ಕಿತ್ತುಹಾಕು ಎಂದು, ಪಿಡಿಎಫ್ ಕತ್ತರಿಸಿ ಜೋಡಿಸುವ qpdf ಎಂಬ ಸಾಧನಕ್ಕೆ ಬಾಯಿಬಿಟ್ಟು ಹೇಳಬೇಕು:

```
qpdf --remove-unreferenced-resources=yes --empty --pages thesis.pdf 174-263 -- ch4.pdf
```

ಇಲ್ಲಿ 174 ಎಂಬುದು ಪರದೆಯ ಮೇಲಿನ ಪುಟಸಂಖ್ಯೆ, ಹಾಳೆಯ ಮೇಲೆ ಅಚ್ಚಾಗಿದ್ದುದು 160. ಪೀಠಿಕಾಭಾಗದ ಹದಿನಾಲ್ಕು ಪುಟಗಳ ವ್ಯತ್ಯಾಸವನ್ನು ಎಲ್ಲರೂ ಕೂಡಿಸುತ್ತಾರೆ. ಆದರೆ ಫೋಟೋ ಅಂಟಿಸಿದ ನಲವತ್ತು ಹಾಳೆಗಳಿಗೆ ಪುಟಸಂಖ್ಯೆಯೇ ಇರಲಿಲ್ಲವಾದ್ದರಿಂದ ನಾಲ್ಕನೇ ಅಧ್ಯಾಯ ದಾಟುವಷ್ಟರಲ್ಲಿ ವ್ಯತ್ಯಾಸ ಐವತ್ತನಾಲ್ಕಕ್ಕೆ ಏರಿತ್ತು. ಪರಿವಿಡಿಯನ್ನು ನಂಬಿ ಅಧ್ಯಾಯ ಕತ್ತರಿಸಿದರೆ ಐದನೆಯದು ನಾಲ್ಕನೆಯದರ ಫೋಟೋಗಳ ನಡುವಿನಿಂದ ಶುರುವಾಗುತ್ತದೆ. ಪ್ರತಿ ಅಧ್ಯಾಯದ ಮೊದಲ ಮತ್ತು ಕೊನೆಯ ಪುಟವನ್ನು ಕಣ್ಣಾರೆ ನೋಡಿಯೇ ಸಂಖ್ಯೆ ಹಾಕಬೇಕು.

ಹೀಗೆ ಬೇರ್ಪಡಿಸಿದಾಗ ನಾಲ್ಕನೇ ಅಧ್ಯಾಯ ಸುಮಾರು 97 ಎಂಬಿಗೆ ಬಂತು. ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸುವುದು ಇನ್ನೂ ಬಾಕಿಯಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪಿಡಿಎಫ್ ಕಿರಿದಾಗಿಸುವ ಘೋಸ್ಟ್‌ಸ್ಕ್ರಿಪ್ಟ್ ಸಾಫ್ಟ್‌ವೇರ್‌ಗೆ `-dPDFSETTINGS=/ebook` ಕೊಟ್ಟೆ. ಚಿತ್ರಗಳು 150 ಡಿಪಿಐಗೆ ಇಳಿದು, ಅಧ್ಯಾಯ ಇಪ್ಪತ್ತು ಎಂಬಿಯ ಆಸುಪಾಸಿಗೆ ಬಂತು. ಗಾತ್ರವೂ ಸಾಲಲಿಲ್ಲ, ಓದಲೂ ಹಿತವಾಗಿರಲಿಲ್ಲ. 12 ಪಾಯಿಂಟಿನ ಅಕ್ಷರಕ್ಕೆ 150 ಡಿಪಿಐಯಲ್ಲಿ ಸಿಗುವುದು ಇಪ್ಪತ್ತೈದು ಪಿಕ್ಸೆಲ್ ಎತ್ತರ. ಇಂಗ್ಲಿಷಿಗೆ ಅದು ಧಾರಾಳವಾಯಿತು. ಕನ್ನಡದಲ್ಲಿ ಅದೇ ಎತ್ತರದೊಳಗೆ ಅಕ್ಷರವೂ ಅದರ ಕೆಳಗಿನ ಒತ್ತೂ ಹಿಡಿಯಬೇಕು, ಒತ್ತಿನ ಪಾಲಿಗೆ ಉಳಿಯುವುದು ಹತ್ತು ಪಿಕ್ಸೆಲ್ಲಿನಷ್ಟು. ಜೆಪೆಗ್ ಅದನ್ನೂ ಕಲಸಿಬಿಟ್ಟಾಗ ‘ತ್ತ’ ಯಾವುದು ‘ತ್ರ’ ಯಾವುದು ಎಂದು ಊಹಿಸುವ ಸ್ಥಿತಿ ಬಂತು. `/screen` ಆದರೆ 72 ಡಿಪಿಐ. ಅದರ ಮಾತೇ ಬೇಡ.

ಅದೇ ಫೈಲನ್ನು ಮತ್ತೆ ಮತ್ತೆ `/ebook`ನಲ್ಲಿ ಹಾಯಿಸುವವರನ್ನು ನೋಡಿದ್ದೇನೆ. ಎರಡನೆಯ ಸಲ ಗಾತ್ರ ಇಳಿಯುವುದಿಲ್ಲ. ನಿಗದಿತ ಡಿಪಿಐಯ ಒಂದೂವರೆ ಪಟ್ಟನ್ನು ಮೀರಿದ ಚಿತ್ರಗಳನ್ನು ಮಾತ್ರ ಅದು ಕಿರಿದಾಗಿಸುತ್ತದೆ, ಎಂದರೆ 225ರ ಮೇಲಿನವನ್ನು. ಕಿರಿದಾಗಿಸಬೇಕಿಲ್ಲದ ಜೆಪೆಗ್‌ಗಳನ್ನು ಈಗಿನ ಆವೃತ್ತಿಗಳು ಇದ್ದ ಹಾಗೆಯೇ ದಾಟಿಸುತ್ತವೆ. 200 ಡಿಪಿಐಯಲ್ಲಿ ಸ್ಕ್ಯಾನ್ ಆದ ಫೈಲು ಮೊದಲ ಸಲವೇ ಜಗ್ಗದಿರುವುದಕ್ಕೂ ಇದೇ ಕಾರಣ. ಹೀಗಾಗಿ ನಾನು ಯಾವ ಫೈಲಿಗೂ ಕೈಹಾಕುವ ಮೊದಲು `pdfimages -list ch4.pdf` ಕೊಟ್ಟು ಪ್ರತಿ ಚಿತ್ರದ ಡಿಪಿಐ, ಬಣ್ಣ, ತೂಕ ನೋಡಿಕೊಳ್ಳುತ್ತೇನೆ.

ಆ ಪಟ್ಟಿಯಲ್ಲಿಯೇ ನನಗೆ ದಾರಿ ಕಂಡಿತು. ಫೋಟೋ ಇಲ್ಲದ ಬರೀ ಬರಹದ ಪುಟಗಳೂ ಫೋಟೋ ಪುಟಗಳಷ್ಟೇ ತೂಗುತ್ತಿದ್ದವು. ನಮ್ಮ ಕರಾವಳಿಯ ತೇವಕ್ಕೆ ಹಳದಿಗಟ್ಟಿದ ಕಾಗದ, ಅಲ್ಲಲ್ಲಿ ಬೂಷ್ಟಿನ ಕಲೆ. ಅಕ್ಷರಕ್ಕಿಂತ ಹೆಚ್ಚಿನ ಜಾಗವನ್ನು ಈ ಕಲೆಗಳ ಬಣ್ಣವೇ ನುಂಗುತ್ತಿತ್ತು. ಪರಿಚಯದ ಮಂಗಳೂರಿನ ಸ್ಕ್ಯಾನಿಂಗ್‌ನವರೊಬ್ಬರಿಗೆ ಫೋನ್ ಮಾಡಿ, ಬರಹವನ್ನು ಬರೇ ಕಪ್ಪು-ಬಿಳುಪಿಗೆ ಇಳಿಸಿ ಫೋಟೋವನ್ನು ಮಾತ್ರ ಕಲರ್ ಇಡುತ್ತೇನೆ ಎಂದೆ. ‘ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ, ಕಲೆಯೂ ಕಪ್ಪಾಗ್ತದೆ. ಪುಟಕ್ಕೆ ಮೂರು ರೂಪಾಯಿ ಹಿಡಿದು ಪುನಃ ಸ್ಕ್ಯಾನ್ ಮಾಡಿಸಿ’ ಎಂದರು. ಬೈಂಡಿಂಗ್ ಬಿಟ್ಟುಹೋಗಿದ್ದ ಆ ಪ್ರತಿಯನ್ನು ಇನ್ನೊಮ್ಮೆ ಗಾಜಿಗೆ ಒತ್ತುವ ಧೈರ್ಯ ಅಧ್ಯಾಪಕರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಕಲೆ ಕಪ್ಪಾಗುತ್ತದೆ ಎಂಬ ಅವರ ಮಾತು ಸುಳ್ಳಲ್ಲ, ಚಿತ್ರವನ್ನು ಮಾಮೂಲಿಯಾಗಿ ಗ್ರೇ ಮಾಡಿ ಕಪ್ಪು-ಬಿಳುಪಿಗೆ ಇಳಿಸಿದರೆ ಹಾಗೆಯೇ ಆಗುತ್ತದೆ. ಹಳದಿ ಕಾಗದ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಬಹುಪಾಲು ಹಿಂದಕ್ಕೆ ಕೊಡುತ್ತದೆ. ಆದ್ದರಿಂದ ಚಿತ್ರದ ಕೆಂಪು ಚಾನೆಲ್ ಒಂದನ್ನೇ ಬೇರ್ಪಡಿಸಿದರೆ ಕಾಗದ ಬಿಳಿಯ ಸಮೀಪಕ್ಕೆ ಬರುತ್ತದೆ, ಕಪ್ಪು ಶಾಯಿ ಕಪ್ಪಾಗಿಯೇ ನಿಲ್ಲುತ್ತದೆ. ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರ್‌ನಲ್ಲಿ ಹೀಗೆ ಮಾಡಿದೆ, ಕಪ್ಪು-ಬಿಳುಪು ಚಿತ್ರವನ್ನು ಕುಗ್ಗಿಸಲು ಗ್ರೂಪ್4 ಕಂಪ್ರೆಷನ್ ಬಳಸಿದೆ:

```
magick p.jpg -channel R -separate -resize 200% -threshold 60% -compress Group4 p.tif
```

ನಡುವೆ ಇರುವ `-resize 200%` ಬೇಡದ ಕೆಲಸದಂತೆ ಕಾಣಬಹುದು. 300 ಡಿಪಿಐಯ ಬೂದು ಅಂಚುಗಳನ್ನು ದುಪ್ಪಟ್ಟು ಹಿಗ್ಗಿಸಿ ಆಮೇಲೆ ಕಪ್ಪು-ಬಿಳುಪು ಮಾಡಿದರೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗದೆ ನುಣುಪಾಗಿ ಬರುತ್ತದೆ, ಒತ್ತಕ್ಷರಗಳ ಒಳಗಿನ ಬಿಳಿ ಉಳಿಯುತ್ತದೆ. ತೂಕ ಸ್ವಲ್ಪ ಏರುತ್ತದೆ, ಆದರೂ ನನ್ನ ಪುಟಗಳು ಸರಾಸರಿ 45 ಕೆಬಿಯ ಹತ್ತಿರವೇ ನಿಂತವು. ಶೇಕಡಾ 60 ಎಂಬುದು ಆರಂಭಕ್ಕೆ ಮಾತ್ರ. ಕಲೆಯ ದಪ್ಪ ನೋಡಿ ಪುಟದ ಭಾಗಭಾಗಕ್ಕೂ ಬೇರೆ ಬೇರೆ ಮಿತಿ ಹಾಕುವ ನನ್ನದೊಂದು ಕ್ರಮವಿದೆ. ಅದು ನನ್ನ ಅನ್ನದ ದಾರಿಯಾದ್ದರಿಂದ ಇಲ್ಲಿ ಬರೆಯುತ್ತಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಕೆಂಪು ಚಾನೆಲ್ಲಿನಲ್ಲಿ ಕೆಂಪು ಶಾಯಿಯೂ ಕಾಗದದಂತೆಯೇ ಮಾಯವಾಗುತ್ತದೆ. ಪ್ರಮಾಣಪತ್ರದ ಪುಟದಲ್ಲಿದ್ದ ಕೆಂಪು ಮೊಹರು ಮೊದಲ ಪ್ರಯೋಗದಲ್ಲಿ ಗುರುತೇ ಇಲ್ಲದಂತೆ ಅಳಿಸಿಹೋಯಿತು, ನೀಲಿ ಸಹಿ ಮಾತ್ರ ಉಳಿಯಿತು. ಸಹಿ, ಮೊಹರುಗಳಿರುವ ಪುಟಗಳನ್ನು 200 ಡಿಪಿಐಯ ಕಲರ್ ಜೆಪೆಗ್ ಆಗಿಯೇ ಇಡಬೇಕು. ಅಂಥವು ನಾಲ್ಕಾರು ಪುಟ, ಪೀಠಿಕಾಭಾಗಕ್ಕೆ ಅದು ಭಾರವಲ್ಲ.

ಇನ್ನಷ್ಟು ಇಳಿಸಬಹುದೇ ಎಂದು, ಕಪ್ಪು-ಬಿಳುಪು ಚಿತ್ರಗಳದೇ ಇನ್ನೊಂದು ಕಂಪ್ರೆಷನ್ ಆದ ಜೆಬಿಗ್2 ಕ್ರಮವನ್ನೂ ಪರೀಕ್ಷಿಸಿದೆ. ನಷ್ಟವಿಲ್ಲದ ಬಗೆಯಲ್ಲಿ ಕಾಲುಭಾಗದಷ್ಟು ಉಳಿತಾಯ ಕಂಡಿತು. ನಷ್ಟವಿರುವ ಬಗೆಯಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ, ಆದರೆ ಅದು ಒಂದೇ ತರಹ ಕಾಣುವ ಅಕ್ಷರಗಳಿಗೆಲ್ಲ ಒಂದೇ ಅಚ್ಚನ್ನು ಬಳಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅವರು ಕೆಲವು ಸ್ಕ್ಯಾನರ್‌ಗಳು 6ನ್ನು 8 ಮಾಡುತ್ತಿರುವುದನ್ನು ತೋರಿಸಿಕೊಟ್ಟದ್ದು ಈ ತರದ ಕಂಪ್ರೆಷನ್ನಿನಲ್ಲಿಯೇ. ಕನ್ನಡದಲ್ಲಿ ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ಗಳ ನಡುವೆ ಇರುವುದು ಒಂದು ಸೀಳು ಮಾತ್ರ. ಅದನ್ನು ಯಂತ್ರದ ವಿವೇಚನೆಗೆ ಬಿಡಲು ನನಗೆ ಮನಸ್ಸು ಒಪ್ಪಲಿಲ್ಲ, ಗ್ರೂಪ್4ರಲ್ಲಿಯೇ ಉಳಿದೆ.

ಫೋಟೋ ಹಾಳೆಗಳನ್ನು ಎರಡು ಪದರವಾಗಿ ಮಾಡಿದೆ. ಫೋಟೋ ಇರುವ ಜಾಗವನ್ನು ಬಿಳಿ ಬಳಿದು, ವಿವರಣೆಯನ್ನು ಕಪ್ಪು-ಬಿಳುಪು ಮಾಡಿ ಕೆಳಗಿನ ಪದರಕ್ಕೆ ಇಟ್ಟೆ. ಕತ್ತರಿಸಿದ ಫೋಟೋವನ್ನು 200 ಡಿಪಿಐಗೆ ಇಳಿಸಿ ಅದೇ ಜಾಗದಲ್ಲಿ ಮೇಲೆ ಕೂರಿಸಿದೆ.

```
qpdf text.pdf --overlay photo.pdf -- page.pdf
```

ಎರಡೂ ಪಿಡಿಎಫ್‌ಗಳ ಪುಟದ ಅಳತೆ ಒಂದೇ ಇರಬೇಕು. ಬರಹದ ಪುಟದ ಚಿತ್ರದಿಂದ ಪಿಡಿಎಫ್ ಮಾಡುವಾಗ `img2pdf --pagesize A4` ಎಂದು ಅಳತೆಯನ್ನು ಹೇಳಿಬಿಡಬೇಕು. ಹೇಳದಿದ್ದರೆ, ಡಿಪಿಐಯ ಗುರುತು ಕಳೆದುಕೊಂಡ ಚಿತ್ರಕ್ಕೆ ಅದು 96 ಎಂದು ಭಾವಿಸಿ ಪೋಸ್ಟರ್ ಅಳತೆಯ ಪುಟ ಮಾಡುತ್ತದೆ. ಕತ್ತರಿಸಿದ ಫೋಟೋಕ್ಕೆ ಇದನ್ನೇ ಕೊಟ್ಟರೆ ಅದು ಪುಟದಗಲಕ್ಕೆ ಹಿಗ್ಗಿಬಿಡುತ್ತದೆ, ಹಾಗಾಗಿ ಅದನ್ನು ಬೇರೆ ಸಾಧನದಲ್ಲಿ ಖಾಲಿ A4 ಪುಟದ ಮೇಲೆ ಅದರ ಅಳತೆಗೆ, ಅದರ ಜಾಗಕ್ಕೆ ಕೂರಿಸಿ ಪಿಡಿಎಫ್ ಮಾಡಬೇಕು. ನಲವತ್ತು ಫೋಟೋಗಳ ಜಾಗವನ್ನು ಒಂದೊಂದಾಗಿ ಅಳೆಯದೆ ಗುರುತಿಸುವ ಉಪಾಯವನ್ನೂ ನಾನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಫೋಟೋ ಒಂದಕ್ಕೆ ಸುಮಾರು 170 ಕೆಬಿ, ವಿವರಣೆಗೆ ಹದಿನೈದು. ಎರಡು ಹಾಳೆಗಳು ಮಾತ್ರ ಇದರ ದುಪ್ಪಟ್ಟು ತೂಗಿದವು. ಹಿಗ್ಗಿಸಿ ನೋಡಿದರೆ ಅವು ಫೋಟೋಗಳಲ್ಲ, ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಮುದ್ರಿತ ಚಿತ್ರಗಳು. ಮುದ್ರಣದ ಚುಕ್ಕಿಗಳನ್ನೆಲ್ಲ ಜೆಪೆಗ್ ನಿಷ್ಠೆಯಿಂದ ಹಿಡಿದಿಡುತ್ತಿತ್ತು. ಚುಕ್ಕಿ ಕರಗುವಷ್ಟು ಮಬ್ಬು ಮಾಡಿ ಆಮೇಲೆ ಕಿರಿದಾಗಿಸಿದಾಗ ಅವೂ ಸಾಲಿಗೆ ಬಂದವು, ಕೆತ್ತನೆಯ ಬಳ್ಳಿ ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

ಕೊನೆಗೆ ನಾಲ್ಕನೇ ಅಧ್ಯಾಯ ಒಂಬತ್ತೂವರೆ ಎಂಬಿಗೆ ನಿಂತು, ಒಂದೇ ಸಲಕ್ಕೆ ಅಪ್‌ಲೋಡ್ ಆಯಿತು. ಹತ್ತಕ್ಕೆ ತೀರ ಹತ್ತಿರ ಹೋಗಬಾರದು, ಏಕೆಂದರೆ ಒಂದು ಎಂಬಿ ಎಂದರೆ 10 ಲಕ್ಷ ಬೈಟೋ 10,48,576 ಬೈಟೋ ಎಂಬುದನ್ನು ಒಂದೊಂದು ಕಡೆ ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಇಡೀ ಪ್ರಬಂಧ ಇಪ್ಪತ್ತೈದು ಎಂಬಿಯ ಆಸುಪಾಸಿಗೆ ಬಂತು. ನಾನು ತೆಗೆದುಕೊಂಡದ್ದು ಎರಡು ಸಾವಿರ ರೂಪಾಯಿ. ಅದರಲ್ಲಿ ಹೆಚ್ಚಿನದು ಫೋಟೋ ಹಾಳೆಗಳ ಕೂಲಿ. ಮಂಗಳೂರಿನವರಿಗೆ ನಾಲ್ಕು ಪುಟ ಕಳುಹಿಸಿದಾಗ, ಬೇರೆ ಪ್ರತಿಯಿಂದ ಹೊಸದಾಗಿ ಸ್ಕ್ಯಾನ್ ಮಾಡಿಸಿದ್ದೇ ಎಂದು ಕೇಳಿದರು.

ಈ ಕ್ರಮಕ್ಕೆ ಒಗ್ಗದ ಪುಟಗಳಿವೆ. ಎರಡನೇ ಅಧ್ಯಾಯದಲ್ಲಿ ಚಾವಡಿಯ ನಕ್ಷೆಗಳನ್ನು ಪೆನ್ಸಿಲಿನಿಂದ ನೆರಳು ತುಂಬಿ ಬರೆದಿದ್ದರು. ಕಪ್ಪು-ಬಿಳುಪಿನಲ್ಲಿ ನೆರಳು ಒಂದೋ ಮಾಯವಾಯಿತು, ಇಲ್ಲವೇ ಮಸಿಯಂತಾಯಿತು. ಅವನ್ನು 200 ಡಿಪಿಐಯ ಗ್ರೇ ಆಗಿಯೇ ಬಿಟ್ಟೆ, ಪುಟಕ್ಕೆ 300 ಕೆಬಿ ಹಿಡಿದರೂ ಆ ಅಧ್ಯಾಯದಲ್ಲಿ ಜಾಗವಿತ್ತು. ನಾಲ್ಕನೇ ಅಧ್ಯಾಯದಲ್ಲಿ ನಲವತ್ತರ ಬದಲು ಅರವತ್ತು ಫೋಟೋಗಳಿದ್ದಿದ್ದರೆ 160 ಡಿಪಿಐಗೆ ಇಳಿಯಬೇಕಾಗುತ್ತಿತ್ತು. ಆ ಮಟ್ಟದಲ್ಲಿ ಕೆತ್ತನೆಯ ಸಣ್ಣ ಗೀರುಗಳು ಕಾಣಿಸುವುದಿಲ್ಲವಾದ್ದರಿಂದ, ಅಧ್ಯಾಯವನ್ನು ಎರಡು ಭಾಗವಾಗಿ ಸಲ್ಲಿಸಲು ಅನುಮತಿ ಕೇಳಿ ಎಂದು ಅಧ್ಯಾಪಕರಿಗೆ ಹೇಳುತ್ತಿದ್ದೆ.