ಅಳಿಸಿಹೋದ 212ನೇ ಬಿಲ್ಲು

ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಸಿದ್ಧಪಡಿಸುವಾಗ ನಮ್ಮ ಅಂಗಡಿಯ ಬಿಲ್ಲುಗಳಲ್ಲಿ 211ರ ನಂತರ ನೇರವಾಗಿ 213 ಇರುವುದನ್ನು ಗಮನಿಸಿದೆ. ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಎಡಿಟ್ ಲಾಗ್ ತೆರೆದಾಗ, ರೂ. 18,400ರ ಆ ಬಿಲ್ಲು ಮೊದಲು ರೂ. 14,800ಕ್ಕೆ ತಿದ್ದುಪಡಿಯಾಗಿ, ಮರುದಿನ ಸಂಜೆ 7.42ಕ್ಕೆ ಅಳಿಸಿಹೋಗಿದ್ದುದು ತಿಳಿಯಿತು. ಆದರೆ ಎರಡೂ ಕಡೆ ದಾಖಲಾಗಿದ್ದ ಹೆಸರು, ನಾವು ಮೂವರೂ ಬಳಸುತ್ತಿದ್ದ admin. ಲಾಗ್ ಗುರುತಿಸುವುದು ಲಾಗಿನ್ ಹೆಸರನ್ನೇ ಹೊರತು ವ್ಯಕ್ತಿಯನ್ನಲ್ಲ. ಹಾಗಾಗಿ ಯಾರನ್ನೂ ದೂರುವುದು ನ್ಯಾಯವೆನಿಸಲಿಲ್ಲ.

ಗ್ರಾಹಕರ ಬಳಿಯಿದ್ದ ಪ್ರತಿಯೊಂದಿಗೆ ತಾಳೆ ನೋಡಿ, ಬಿಲ್ಲನ್ನು ಅದೇ ಸಂಖ್ಯೆ, ಅದೇ ದಿನಾಂಕ, ಮೂಲ ಮೊತ್ತದೊಂದಿಗೆ ಮತ್ತೆ ನಮೂದಿಸಿದೆ. ನಂತರ ಮೂವರಿಗೂ ಪ್ರತ್ಯೇಕ ಲಾಗಿನ್ ಕೊಟ್ಟು, ಅಳಿಸುವ ಅಧಿಕಾರವನ್ನು ತೆಗೆದುಹಾಕಿದೆ. ಈಗ ತಪ್ಪಾದ ಬಿಲ್ಲನ್ನು ರದ್ದುಪಡಿಸಲು ಮಾತ್ರ ಸಾಧ್ಯವಿರುವುದರಿಂದ ಸಂಖ್ಯೆಯು ಸಾಲಿನಲ್ಲೇ ಉಳಿಯುತ್ತದೆ.